ಹಿಂದುಮುಂದಾದ ಟಿಪ್ಪಣಿಗಳಿಂದ ಕಾಯಿಲೆಯ ದಿನಾಂಕವಾರು ಪಟ್ಟಿ

ಪ್ರಶ್ನೆ: ತಾಯಿಯ ಕಾಯಿಲೆಯ ಬಗ್ಗೆ ಅಲ್ಲಲ್ಲಿ ಗೀಚಿಟ್ಟ ಟಿಪ್ಪಣಿಗಳಿವೆ, ಅರ್ಧಕ್ಕರ್ಧ ದಿನಾಂಕವೇ ಇಲ್ಲ. ವೈದ್ಯರಿಗೆ ತೋರಿಸಲು ಇವನ್ನು ಕ್ರಮಕ್ಕೆ ತರುವುದು ಹೇಗೆ?

ಕೂಡಲೇ ಜೋಡಿಸಲು ಹೋಗಬೇಡಿ. ಚೀಟಿಗಳಿಗೆ ಈಗಿರುವ ಕ್ರಮದಲ್ಲೇ ಸಂಖ್ಯೆ ಹಾಕಿ, ಫೋಟೋ ತೆಗೆದಿಟ್ಟುಕೊಳ್ಳಿ. ಯಾವ ಸಾಲಿನ ಪಕ್ಕದಲ್ಲಿ ಯಾವುದಿತ್ತು ಎಂಬುದು ಮುಂದೆ ಬೇಕಾಗುತ್ತದೆ. ಆಮೇಲೆ ಪ್ರತಿ ಸಾಲಿಗೂ ಘಟನೆ ನಡೆದ ದಿನ, ಅದನ್ನು ಬರೆದ ದಿನ, ಬರೆದಿದ್ದ ಮಾತು ಇದ್ದಂತೆಯೇ, ಆ ದಿನಾಂಕಕ್ಕೆ ಆಧಾರ ಎಂಬ ನಾಲ್ಕು ಕಲಂ ಮಾಡಿ. ಬರೆದ ದಿನವನ್ನೇ ನಡೆದ ದಿನವೆಂದು ಹಿಡಿಯುವುದರಿಂದಲೇ ಹೆಚ್ಚಿನ ತಪ್ಪುಗಳಾಗುತ್ತವೆ; 18ರಂದು ಬರೆದ ‘ನಿನ್ನೆಯಿಂದ ಜ್ವರವಿಲ್ಲ’ ಎಂಬುದು 17ಕ್ಕೆ ಸೇರಬೇಕು.

ನಮ್ಮ ತಂದೆಯವರ ವಿಷಯದಲ್ಲಿ ನಾನು ಹೀಗೆ ಮಾಡಿದ್ದೆ. ಗಟ್ಟಿಯಾಗಿ ಸಿಕ್ಕ ದಿನ 2024ರ ಮಾರ್ಚ್ 14, ಗುರುವಾರ: ಔಷಧಿ ಚೀಟಿಯ ಮೇಲೂ ಅದೇ ದಿನಾಂಕ, ರಕ್ತದ ಮಾದರಿ ಕೊಟ್ಟದ್ದೂ ಮಾತ್ರೆ ಶುರುವಾದದ್ದೂ ಅಂದೇ. (ವರದಿಯಲ್ಲಿ 15 ಎಂದೂ ಇತ್ತು, ಅದು ಫಲಿತಾಂಶ ಬಂದ ದಿನ, ನಿಮಗೆ ಬೇಕಾದದ್ದು ಮಾದರಿ ತೆಗೆದ ದಿನ.) ‘ಮಂಗಳವಾರ ರಾತ್ರಿ ಜ್ವರ 102’ ಎಂಬ ಸಾಲು ವೈದ್ಯರಲ್ಲಿಗೆ ಹೋಗುವ ಮೊದಲಿನದಾದ್ದರಿಂದ 12ಕ್ಕೆ ಹೊಂದಿತು. ‘ಮಾತ್ರೆ ಶುರುವಾದ ಮೂರನೇ ದಿನ ಬೆನ್ನ ಮೇಲೆ ಗಂಧೆ’ ಎಂಬುದು ಮಾತ್ರ ತೊಡಕಾಯಿತು, ಏಕೆಂದರೆ ಮೊದಲ ದಿನವನ್ನು ಸೇರಿಸಿ ಎಣಿಸಿದರೆ 16, ಬಿಟ್ಟು ಎಣಿಸಿದರೆ 17. ಬೆನ್ನಿನ ಫೋಟೋ, ಅದನ್ನು ತೆಗೆದ ಫೋನಿನಲ್ಲೇ ಉಳಿದಿದ್ದರಿಂದ, ಅದರ ದಿನಾಂಕ ನೋಡಿ 16ರ ರಾತ್ರಿಯೆಂದು ಖಚಿತವಾಯಿತು. ಯಾರೋ ಕಳುಹಿಸಿದ ಫೋಟೋ ಆಗಿದ್ದರೆ ಅದು ನಮ್ಮ ಫೋನಿಗೆ ಬಂದಿಳಿದ ದಿನವನ್ನು ತೋರಿಸುವ ಸಾಧ್ಯತೆಯೇ ಹೆಚ್ಚು.

ಅಲ್ಲಿಯವರೆಗೂ, ಮಾತ್ರೆ ನುಂಗಿದ ಮೇಲೆಯೇ ಚರ್ಮದ ತೊಂದರೆ ಶುರುವಾಯಿತೆಂದು ಮನೆಯವರೆಲ್ಲ ಹೇಳುತ್ತಿದ್ದೆವು. ಆದರೆ ದಿನಾಂಕವೇ ಇಲ್ಲದ ಇನ್ನೊಂದು ಚೀಟಿಯಲ್ಲಿ ‘ನಾಳೆ ಬೆಳಿಗ್ಗೆ ರಕ್ತ ಕೊಡಬೇಕು’ ಎಂದೂ, ಅದರ ಕೆಳಗೆ ‘ಬೆನ್ನು ತುರಿಕೆ’ ಎಂದೂ ಇತ್ತು. ರಕ್ತ ಕೊಟ್ಟದ್ದು 14ರಂದಾದ್ದರಿಂದ ಆ ಚೀಟಿ 13ರದ್ದು, ಎಂದರೆ ತುರಿಕೆ ಮಾತ್ರೆಗಿಂತ ಒಂದು ದಿನ ಹಿಂದಿನದು. ಆದರೆ ಎರಡನೆಯ ಸಾಲಿನ ಶಾಯಿ ಬೇರೆಯಾಗಿತ್ತು, ಆಮೇಲೆ ಸೇರಿಸಿದ್ದಿರಲೂಬಹುದು. ಹಾಗಾಗಿ ಅದನ್ನು 13 ಎಂದು ಬರೆದು ಬಿಡದೆ, ‘13ರಿಂದ 16ರ ನಡುವೆ, ಬಹುಶಃ 13, ಶಾಯಿ ಬೇರೆ’ ಎಂದು ಬರೆದೆ.

ನೀವೂ ಹೀಗೆ ಸಂದೇಹವಿರುವಲ್ಲಿ ಎರಡು ತುದಿಗಳನ್ನು ಕೊಡಿ, ನಡುವಿನ ದಿನವನ್ನು ಊಹಿಸಿ ತುಂಬಬೇಡಿ. ಗಣಕಯಂತ್ರದಲ್ಲಿ ಮಾಡುವುದಾದರೆ 2024-03-14 ಎಂಬ ರೀತಿಯಲ್ಲಿ ಬರೆದರೆ, ವಿಂಗಡಿಸಿದಾಗ ಸಾಲುಗಳು ಸರಿಯಾದ ಕ್ರಮಕ್ಕೆ ಬರುತ್ತವೆ. ವೈದ್ಯರಿಗೆ ಒಂದೇ ಪುಟದ ಪಟ್ಟಿ ಕೊಡಿ, ಚೀಟಿಗಳು ಜೊತೆಗಿರಲಿ. ನಮ್ಮ ವೈದ್ಯರು ಪಟ್ಟಿ ನೋಡಿದ ಕೂಡಲೇ ತುರಿಕೆಯ ಆ ಚೀಟಿಯನ್ನೇ ಕೇಳಿ ಪಡೆದು, ಬೆಳಕಿಗೆ ಹಿಡಿದು ನೋಡಿದರು.