ಬಜೆಟ್‌ಗೆ ಮುಂಚೆ ಸ್ಟ್ರ್ಯಾಡಲ್ ಕೊಂಡರೆ ಲಾಭ ಯಾವಾಗ?

“ಬಜೆಟ್ ದಿನ ನಿಫ್ಟಿ ಜೋರಾಗಿ ಅಲ್ಲಾಡುತ್ತೆ. ಹಿಂದಿನ ದಿನವೇ ಸ್ಟ್ರ್ಯಾಡಲ್ ಕೊಂಡರೆ ಲಾಭ ಬರಲ್ವಾ?”

ಸ್ಟ್ರ್ಯಾಡಲ್ ಅಂದರೆ ಒಂದೇ ಸ್ಟ್ರೈಕ್‌ನ ಕಾಲ್, ಪುಟ್ ಎರಡನ್ನೂ ಕೊಳ್ಳುವುದು. ನಿಫ್ಟಿ ಅಲ್ಲಾಡಿದರೆ ಸಾಲದು, ಪ್ರೀಮಿಯಂನಲ್ಲಿ ಈಗಾಗಲೇ ಸೇರಿರುವುದಕ್ಕಿಂತ ಜಾಸ್ತಿ ಅಲ್ಲಾಡಬೇಕು. ನಿಫ್ಟಿ 24,000ದಲ್ಲಿದೆ ಅಂದುಕೊಳ್ಳಿ. 24,000ದ ಕಾಲ್ 250, ಪುಟ್ 230, ಒಟ್ಟು 480. ಅಂದರೆ ಎಕ್ಸ್‌ಪೈರಿಯೊಳಗೆ ಸುಮಾರು 2% ಚಲನೆಗೆ ನೀವು ಮೊದಲೇ ದುಡ್ಡು ಕೊಟ್ಟಿದ್ದೀರಿ. ಕೊನೆವರೆಗೆ ಇಟ್ಟುಕೊಂಡರೆ 23,520ಕ್ಕಿಂತ ಕೆಳಗೆ ಅಥವಾ 24,480ಕ್ಕಿಂತ ಮೇಲೆ ಹೋದಾಗ ಮಾತ್ರ ಲಾಭ.

ಭಾಷಣ ಮುಗಿಯುತ್ತಿದ್ದಂತೆ ಸಾಮಾನ್ಯವಾಗಿ ಇಂಪ್ಲೈಡ್ ವೊಲಟಿಲಿಟಿ, ಅಂದರೆ ಪ್ರೀಮಿಯಂನಲ್ಲಿ ಸೇರಿರುವ ಏರಿಳಿತದ ನಿರೀಕ್ಷೆ, ಕುಸಿಯುತ್ತದೆ. ಅದರಿಂದ ಪ್ರೀಮಿಯಂ ಇಳಿಯುವುದರಿಂದ ನಿಫ್ಟಿ 300 ಅಂಕ ಏರಿದರೂ ನಷ್ಟವಾಗಬಹುದು.

ಬೇರೆ ಬೇರೆ ಸ್ಟ್ರೈಕ್‌ನ ಕಾಲ್, ಪುಟ್ ಕೊಳ್ಳುವ ಸ್ಟ್ರ್ಯಾಂಗಲ್ ಅಗ್ಗ, ನಿಜ. ಆದರೆ 24,500 ಕಾಲ್, 23,500 ಪುಟ್‌ಗೆ 180 ಕೊಟ್ಟರೆ 24,680 ದಾಟಬೇಕು, ಇಲ್ಲವೇ 23,320ರ ಕೆಳಗಿಳಿಯಬೇಕು. ಗೆಲ್ಲುವ ಸಾಧ್ಯತೆ ಇನ್ನೂ ಕಡಿಮೆ. 2024ರ ಜೂನ್ 4ರ ಚುನಾವಣಾ ಫಲಿತಾಂಶದಂದು ನಿಫ್ಟಿ ಸುಮಾರು 6% ಬಿತ್ತು. ಅಂಥ ದಿನಗಳು ಅಪರೂಪ.