ಅರ್ಧ ಬಂದ ಫೈಲನ್ನು ಜಾಬ್ ಎತ್ತಿಕೊಳ್ಳದಂತೆ ಮಾಡುವುದು

ಪಾರ್ಟ್‌ನರ್ ಕಳಿಸುವ ಫೈಲ್ ಪೂರ್ತಿ ಅಪ್‌ಲೋಡ್ ಆಗಿದೆ ಅಂತ ನಮ್ಮ ಕ್ರಾನ್ ಜಾಬ್‌ಗೆ ಹೇಗೆ ಗೊತ್ತಾಗಬೇಕು?

ಮೊದಲು `orders.csv.part` ಹೆಸರಲ್ಲಿ ಕಳಿಸಿ, ಪೂರ್ತಿ ಹೋದ ಮೇಲೆ `orders.csv` ಎಂದು ಹೆಸರು ಬದಲಿಸಲು ಅವರಿಗೆ ಹೇಳಿ. ನಿಮ್ಮ ಜಾಬ್ `*.csv` ಮಾತ್ರ ನೋಡಲಿ. ಅಪ್‌ಲೋಡ್ ಶುರುವಾದ ಕೂಡಲೇ ಫೈಲ್ ಫೋಲ್ಡರಿನಲ್ಲಿ ಕಾಣಿಸುತ್ತದೆ, ಆದರೆ ಒಳಗಿನ ಸಾಲುಗಳು ಇನ್ನೂ ಬರುತ್ತಿರುತ್ತವೆ. ಹೆಸರು ಬದಲಾಗುವುದು ಹಾಗಲ್ಲ. ಒಂದೇ ಫೋಲ್ಡರಿನೊಳಗೆ ಅದು ಒಂದೇ ಏಟಿಗೆ ಆಗುತ್ತದೆ.

ಅವರು ಒಪ್ಪದಿದ್ದರೆ? ಗಾತ್ರ 5 ನಿಮಿಷ ಬದಲಾಗದಿದ್ದರೆ ಎತ್ತಿಕೊಳ್ಳುವವರಿದ್ದಾರೆ. ನನಗದು ಹಿಡಿಸುವುದಿಲ್ಲ. 10,000 ಸಾಲಿನ ಫೈಲ್ 6,000ಕ್ಕೆ ಬಂದಾಗ ನೆಟ್‌ವರ್ಕ್ 6 ನಿಮಿಷ ನಿಂತರೆ, ಜಾಬ್ ಸುಮ್ನೆ ಅಷ್ಟನ್ನೇ ಓದಿ ಮುಗಿಸುತ್ತದೆ. ಎರರ್ ಕೂಡ ಬರುವುದಿಲ್ಲ. ಕೊನೇ ಸಾಲಿನಲ್ಲಿ ಒಟ್ಟು ಎಣಿಕೆ ಬರೆಸಿಕೊಳ್ಳಿ. ಅದು ಇಲ್ಲದ ಫೈಲನ್ನು ಜಾಬ್ ಮುಟ್ಟದಿರಲಿ.