ದಾಖಲೆಯಲ್ಲಿಲ್ಲದ ಪದ ಮತ್ತು ಸೊನ್ನೆಯ ಸಮಸ್ಯೆ

ಪ್ರಶ್ನೆ: "ಕ್ವೆರಿ ಲೈಕ್ಲಿಹುಡ್ ಮಾದರಿಯಲ್ಲಿ ಸಣ್ಣದೊಂದು ಹುಡುಕಾಟದ ವ್ಯವಸ್ಥೆ ಮಾಡಿದ್ದೇನೆ. ಹುಡುಕಿದ ಪದಗಳಲ್ಲಿ ಒಂದು ಇಲ್ಲದಿದ್ದರೂ ಒಳ್ಳೆಯ ದಾಖಲೆಗೆ ಸೊನ್ನೆ ಬರುತ್ತಿದೆ. ಸ್ಮೂದಿಂಗ್ ಎಷ್ಟು ಮಾಡಬೇಕು?"

ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರ ಟಿಪ್ಪಣಿಗಳನ್ನು ಹುಡುಕಲು ಇಂಥದ್ದನ್ನೇ ಕಟ್ಟಿದಾಗ ನಾನು ಎಡವಿದ್ದೂ ಇಲ್ಲಿಯೇ. ‘ಅಡಿಕೆ ಕೊಳೆ ಮೈಲುತುತ್ತ’ ಎಂದು ಹುಡುಕಿದರೆ ಕೊಳೆರೋಗದ ಬಗ್ಗೆಯೇ ಬರೆದ ಟಿಪ್ಪಣಿ ತಳಕ್ಕೆ ಬೀಳುತ್ತಿತ್ತು. ಬರೆದವರು ‘ಬೋರ್ಡೋ ದ್ರಾವಣ’ ಎಂದಷ್ಟೇ ಹೇಳಿ, ಅದರಲ್ಲಿ ಸುಣ್ಣದೊಂದಿಗೆ ಸೇರುವ ಮೈಲುತುತ್ತದ ಹೆಸರನ್ನೇ ಎತ್ತಿರಲಿಲ್ಲ. ಹುಡುಕಿದ ಪ್ರತಿ ಪದವೂ ದಾಖಲೆಯಲ್ಲಿ ಬರುವ ಸಂಭವನೀಯತೆಯನ್ನು ಗುಣಿಸಿಯೇ ಈ ಮಾದರಿ ದಾಖಲೆಗೆ ಅಂಕ ಕೊಡುತ್ತದೆ. ಹಾಗೆ ಮೂರು ಸಂಭವನೀಯತೆಗಳನ್ನು ಗುಣಿಸುವಾಗ ಒಂದು ಸೊನ್ನೆಯಾದರೆ ಮಿಕ್ಕೆರಡು ಎಷ್ಟಿದ್ದರೂ ವ್ಯರ್ಥ.

ದಾಖಲೆಯಲ್ಲಿಲ್ಲದ ಪದಕ್ಕೂ ಸೊನ್ನೆಯ ಬದಲು ಸ್ವಲ್ಪ ಸಂಭವನೀಯತೆ ಕೊಡುವುದೇ ಸ್ಮೂದಿಂಗ್. ನಾನು ಬಳಸುವುದು ಡಿರಿಷ್ಲೆ ಸ್ಮೂದಿಂಗ್. ಪ್ರತಿ ದಾಖಲೆಗೂ ಇಡೀ ಸಂಗ್ರಹದಿಂದ μ ಪದಗಳನ್ನು ಸಾಲ ತಂದು ಸೇರಿಸಿದಂತೆ ಅದು ಲೆಕ್ಕ ಹಾಕುತ್ತದೆ:

```
p(w|d) = (c(w,d) + μ·p(w|C)) / (|d| + μ)
```

ಇಲ್ಲಿ c(w,d) ಎಂದರೆ ದಾಖಲೆ dಯಲ್ಲಿ ಪದ w ಎಷ್ಟು ಬಾರಿ ಬಂದಿದೆ ಎಂಬುದು, |d| ಆ ದಾಖಲೆಯ ಒಟ್ಟು ಪದಗಳು, p(w|C) ಇಡೀ ಸಂಗ್ರಹದಲ್ಲಿ ಆ ಪದದ ಪಾಲು. ಸಂಗ್ರಹದಲ್ಲಿ ‘ಅಡಿಕೆ’ 0.02, ‘ಕೊಳೆ’ 0.005, ‘ಮೈಲುತುತ್ತ’ 0.001 ಪಾಲು ಇವೆಯೆಂದುಕೊಳ್ಳಿ (ಲೆಕ್ಕಕ್ಕಾಗಿ ದುಂಡಾಗಿಸಿದ ಸಂಖ್ಯೆಗಳು). ಮೇಲಿನ ಟಿಪ್ಪಣಿಯಲ್ಲಿ ಇವು ಕ್ರಮವಾಗಿ 6, 5, 0 ಬಾರಿ ಬಂದಿವೆ. ಮೂರನ್ನೂ ಒಂದೊಂದು ಸಲ ಹೆಸರಿಸುವ ಅಂಗಡಿಯ ದರಪಟ್ಟಿಯೊಂದು ಎದುರಾಳಿ. ಎರಡೂ 100 ಪದಗಳವು. ಹಾಗಾಗಿ ಛೇದ ಒಂದೇ, ಅಂಶಗಳನ್ನು ಗುಣಿಸಿದರೆ ಸಾಕು. μ 100 ಆದಾಗ ಟಿಪ್ಪಣಿಗೆ 8 × 5.5 × 0.1 = 4.4, ದರಪಟ್ಟಿಗೆ 3 × 1.5 × 1.1 = 4.95. ಸೊನ್ನೆ ಹೋಯಿತು, ಆದರೂ ದರಪಟ್ಟಿಯೇ ಮುಂದಿದೆ. μ 500 ಮಾಡಿದರೆ 16 × 7.5 × 0.5 = 60 ಮತ್ತು 11 × 3.5 × 1.5 = 57.75, ಈಗ ಟಿಪ್ಪಣಿ ಮೇಲೆ ಬರುತ್ತದೆ. ಅಂದರೆ μ ಕೇವಲ ಸೊನ್ನೆ ತಪ್ಪಿಸುವ ಉಪಾಯವಲ್ಲ, ಅದು ಕ್ರಮವನ್ನೇ ಬದಲಿಸುತ್ತದೆ. 2000ದ ಆಸುಪಾಸಿನ ಬೆಲೆಯನ್ನು ಹಲವರು ಬಳಸುವುದುಂಟು. ಆದರೆ ನಿಮ್ಮ ದಾಖಲೆಗಳು ಚಿಕ್ಕವಾದರೆ, ಸರಿಯುತ್ತರ ಗೊತ್ತಿರುವ ಹತ್ತಿಪ್ಪತ್ತು ಹುಡುಕಾಟಗಳ ಮೇಲೆ ಬೇರೆಬೇರೆ ಬೆಲೆಗಳನ್ನು ಪರೀಕ್ಷಿಸಿಯೇ ತೀರ್ಮಾನಿಸಿ.

ಪ್ರತಿ ಪದಕ್ಕೂ 1 ಕೂಡಿಸಿಬಿಡುವ ಸುಲಭದಾರಿಯನ್ನು ನಾನು ಒಪ್ಪುವುದಿಲ್ಲ. ಅದರಲ್ಲಿ ಒಂದು ದಾಖಲೆಯಲ್ಲಿಲ್ಲದ ‘ಅಡಿಕೆ’ಗೂ ‘ಮೈಲುತುತ್ತ’ಕ್ಕೂ ಒಂದೇ ಬೆಲೆ. ಡಿರಿಷ್ಲೆಯಲ್ಲಿ, μ 100 ಇದ್ದಾಗ, ‘ಅಡಿಕೆ’ ಒಮ್ಮೆ ಬಂದರೆ ಅಂಶ 2ರಿಂದ 3ಕ್ಕೆ, ಅಂದರೆ ಒಂದೂವರೆ ಪಟ್ಟಾಗುತ್ತದೆ. ‘ಮೈಲುತುತ್ತ’ ಒಮ್ಮೆ ಬಂದರೆ 0.1ರಿಂದ 1.1ಕ್ಕೆ, ಹನ್ನೊಂದು ಪಟ್ಟು. ಅಪರೂಪದ ಪದಕ್ಕೆ ಹೆಚ್ಚು ತೂಕ ತಾನಾಗಿಯೇ ಸಿಗುತ್ತದೆ.

ಸ್ಮೂದಿಂಗ್ ಮಾಡಿದ ಮೇಲೂ ಎಲ್ಲ ದಾಖಲೆಗೂ ಸೊನ್ನೆ ಬಂದರೆ, ಹುಡುಕಿದ ಪದಗಳಲ್ಲೊಂದು ಸಂಗ್ರಹದಲ್ಲೇ ಇಲ್ಲವೆಂದು ತಿಳಿಯಿರಿ. ಯಾವ ದಾಖಲೆಯನ್ನೂ ಬೇರ್ಪಡಿಸದ ಅಂಥ ಪದವನ್ನು ಹುಡುಕಾಟದಿಂದ ಬಿಡಬಹುದು. ಅದಕ್ಕೂ ಮೊದಲು ನೋಡಬೇಕಾದದ್ದು ಕಾಗುಣಿತ. ನನ್ನ ಸಂಗ್ರಹದಲ್ಲಿ ‘ಮೈಲು ತುತ್ತ’ ಎಂದು ಬಿಡಿಸಿ ಬರೆದದ್ದೂ, ‘ಮೈಲುತುತ್ತವನ್ನು’ ಎಂಬ ವಿಭಕ್ತಿರೂಪವೂ ಬೇರೆ ಪದಗಳಾಗಿ ಎಣಿಕೆಯಾಗಿದ್ದವು, ಅವನ್ನು ಒಂದುಗೂಡಿಸುವ ಕೆಲಸ ಯಾವ μ ಬೆಲೆಯಿಂದಲೂ ಆಗಲಿಲ್ಲ.